ಪಾಸ್‌ಬುಕ್ಕಿನ ಒಂದು ಪುಟದ ಫೋಟೋ ನೋಡಿ ಬಡ್ಡಿ ಹೇಳುವವರನ್ನು ನಂಬಬೇಡಿ

ಬರೆಯಲು ನಾಚಿಕೆ ಆಗುತ್ತದೆ. ಆದರೂ ಬರೆಯುತ್ತೇನೆ, ಯಾಕೆಂದರೆ ನಮ್ಮ ಕಾರ್ಕಳ ಕಡೆ ಇನ್ನೂ ಎಷ್ಟೋ ಮನೆಯವರು ಹೀಗೆಯೇ ಪಾಸ್‌ಬುಕ್ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸುತ್ತಿದ್ದಾರೆ ಅಂತ ಗೊತ್ತಾಯಿತು.

ಅಪ್ಪನಿಗೆ ಅಡಿಕೆ ತೋಟದ ಮೇಲೆ ಬ್ಯಾಂಕಿನಲ್ಲಿ ಬೆಳೆಸಾಲ ಉಂಟು, ಕಿಸಾನ್ ಕಾರ್ಡಿನದ್ದು. 2023ರ ಜೂನ್ 12ಕ್ಕೆ 1 ಲಕ್ಷ ತೆಗೆದಿದ್ದರು. ಮದ್ದು ಬಿಡುವ ಖರ್ಚು, ಆಳುಗಳ ಸಂಬಳ ಅಂತ ಸೆಪ್ಟೆಂಬರ್ 20ಕ್ಕೆ ಮತ್ತೆ 60 ಸಾವಿರ. ಒಟ್ಟು 1 ಲಕ್ಷ 60 ಸಾವಿರ. ಬಡ್ಡಿ ಶೇಕಡಾ 7. ವಾಯಿದೆಯ ಒಳಗೆ ಕಟ್ಟಿದರೆ ಸರ್ಕಾರದಿಂದ ಶೇಕಡಾ 3 ವಾಪಸ್, ಕೊನೆಗೆ ಕೈಯಿಂದ ಹೋಗುವುದು ಶೇಕಡಾ 4. ಇದು ಎಲ್ಲರಿಗೂ ಗೊತ್ತಿರುವ ಸಂಗತಿಯೇ, ಅಲ್ವಾ?

2024ರ ಮೇ ತಿಂಗಳಲ್ಲಿ ಅಡಿಕೆ ಕೊಟ್ಟ ದುಡ್ಡು ಬಂತು. ಅಪ್ಪ ಫೋನ್ ಮಾಡಿ, "ಸಾಲ ಕಟ್ಟಿ ಬಿಡುವ, ಬಡ್ಡಿ ಎಷ್ಟಾಗುತ್ತದೆ ನೋಡು ಮಗಾ" ಅಂದರು. ನಾನು ಮಂಗಳೂರಿನಲ್ಲಿ ಕೆಲಸದಲ್ಲಿ. ಬ್ಯಾಂಕಿಗೆ ಹೋಗಲು ರಜೆ ಎಲ್ಲಿಂದ? ಊರಿನಲ್ಲಿ ಆರ್‌ಟಿಸಿ, ಆಧಾರ್ ಕೆಲಸ ಮಾಡಿಕೊಡುವ ಒಬ್ಬರು ಇದ್ದಾರೆ. "ಪಾಸ್‌ಬುಕ್ ಫೋಟೋ ಹಾಕಿ, 4 ಪರ್ಸೆಂಟಿನಲ್ಲಿ ಲೆಕ್ಕ ಮಾಡಿ ಕೊಡುತ್ತೇನೆ, 300 ರೂಪಾಯಿ" ಅಂತ ಹೇಳುತ್ತಾರೆ. ಅಪ್ಪ ಫೋಟೋ ತೆಗೆದು ನನಗೆ ಕಳಿಸಿದರು, ನಾನು ಅವರಿಗೆ ಕಳಿಸಿದೆ. ಕೊನೆಯ ಪುಟ ಮಾತ್ರ. ಸಾಲದ ಬಾಕಿ ಕಾಣುವುದು ಅಲ್ಲೇ ಅಲ್ಲವೇ ಅಂತ ಅಂದುಕೊಂಡೆ. ಇಲ್ಲೇ ನನ್ನ ಬುದ್ಧಿ ಹೋದದ್ದು.

ಅರ್ಧ ಗಂಟೆಯಲ್ಲಿ ಉತ್ತರ ಬಂತು. "ಸೆಪ್ಟೆಂಬರ್ 19ರವರೆಗೆ ಸಮಯ ಉಂಟು ಸರ್. ಸೆಪ್ಟೆಂಬರ್ 10ಕ್ಕೆ ಕಟ್ಟಿದರೆ ಬಡ್ಡಿ 6,242 ರೂಪಾಯಿ. ಈಗಲೇ ಕಟ್ಟಿ ಯಾಕೆ ದುಡ್ಡು ಖಾಲಿ ಮಾಡುತ್ತೀರಿ?"

ನಾನು ಅದನ್ನೇ ಅಪ್ಪನಿಗೆ ಹೇಳಿದೆ. ಅವರು, "ಜೂನಲ್ಲಿ ಕಟ್ಟಬೇಕು ಅಂತ ನೆನಪು ಮಾರಾಯ" ಅಂದರು. ನಾನು, "ಅಪ್ಪಾ, ಲೆಕ್ಕ ಮಾಡಿಸಿದ್ದೇನೆ, ಸುಮ್ನೆ ಇರಿ" ಅಂದೆ. ಸುಮ್ನೆ ಇರಿ ಅಂದೆ! ಈ ಮಾತು ಈಗಲೂ ಚುಚ್ಚುತ್ತದೆ. ದುಡ್ಡು ಉಳಿತಾಯ ಖಾತೆಯಲ್ಲಿ ಹಾಗೇ ಬಿದ್ದಿತ್ತು. ಕಟ್ಟಲು ಇರಲಿಲ್ಲ ಅಂತಲ್ಲ.

ಸೆಪ್ಟೆಂಬರ್ 10ಕ್ಕೆ ರಜೆ ಹಾಕಿ ಅಪ್ಪನ ಜೊತೆ ನಾನೇ ಹೋದೆ. 1,66,242 ರೂಪಾಯಿ ಲೆಕ್ಕ ಇಟ್ಟುಕೊಂಡು ಕೌಂಟರಿನಲ್ಲಿ ನಿಂತೆ. ಅವರು ಕಂಪ್ಯೂಟರ್ ನೋಡಿ, "ಬಡ್ಡಿ 13,465 ರೂಪಾಯಿ" ಅಂದರು. ನನಗೆ ಕೇಳಿಸಿದ್ದು ತಪ್ಪಾಯಿತೋ ಅಂತ ಮತ್ತೆ ಕೇಳಿದೆ. ಹದಿಮೂರು ಸಾವಿರವೇ. ಹಿಂದೆ ಲೈನಿನಲ್ಲಿ ಊರಿನವರು. ನಾನು ಜೋರಾಗಿ "ಶೇಕಡಾ 4 ಅಲ್ಲವೇ" ಅಂತ ವಾದ ಬೇರೆ ಮಾಡಿದೆ.

ಕೃಷಿ ಸಾಲದ ಆಫೀಸರ್ ನನ್ನನ್ನು ಒಳಗೆ ಕರೆದು ಪಾಸ್‌ಬುಕ್ ತಿರುಗಿಸಿದರು. ನಾನು ಕಳಿಸಿದ ಪುಟದ ಮೊದಲ ಸಾಲಿನಲ್ಲಿ ಬಿ.ಎಫ್. ಅಂತ ಇತ್ತು, ಎದುರಿಗೆ 1,00,000, ತಾರೀಕು ಇಲ್ಲ. ಅದರ ಕೆಳಗೆ 20-09-2023, 60,000, ಬಾಕಿ 1,60,000. ಬಿ.ಎಫ್. ಅಂದರೆ ಹಿಂದಿನ ಪುಟದಿಂದ ತಂದ ಬಾಕಿ. ಆ ಲಕ್ಷ ಯಾವತ್ತು ತೆಗೆದದ್ದು ಅಂತ ಹಿಂದಿನ ಪುಟದಲ್ಲಿ ಮಾತ್ರ ಇತ್ತು, 12-06-2023 ಅಂತ. ಆ ಪುಟವನ್ನು ಆ ಮನುಷ್ಯ ಕೇಳಲೇ ಇಲ್ಲ. ಕಂಡ ಒಂದೇ ತಾರೀಕನ್ನು ಎರಡೂ ಮೊತ್ತಕ್ಕೆ ಹಾಕಿದ. ಪೂರ್ತಿ 1,60,000ಕ್ಕೆ 356 ದಿನ, ಶೇಕಡಾ 4. ಅದೇ ಆ 6,242.

ಈಗ ನಿಜವಾದ ಲೆಕ್ಕ ನೋಡಿ. ರಿಯಾಯಿತಿ ಬಡ್ಡಿ ಹೆಚ್ಚೆಂದರೆ ದುಡ್ಡು ತೆಗೆದ ದಿನದಿಂದ ಒಂದು ವರ್ಷಕ್ಕೆ ಮಾತ್ರ. ಲಕ್ಷದ ವರ್ಷ 2024ರ ಜೂನ್ 11ಕ್ಕೇ ಮುಗಿದಿತ್ತು. ಅಲ್ಲಿಯವರೆಗೆ 365 ದಿನಕ್ಕೆ ಶೇಕಡಾ 7ರಂತೆ 7,000. ಅಲ್ಲಿಂದ ಸೆಪ್ಟೆಂಬರ್ 10ರವರೆಗೆ 91 ದಿನ, ರಿಯಾಯಿತಿ ಇಲ್ಲ. ನಮ್ಮ ಖಾತೆಗೆ ಹಾಕಿದ್ದು ಶೇಕಡಾ 9.5, ಅದು 2,368. ಇನ್ನು 60 ಸಾವಿರಕ್ಕೆ 356 ದಿನ ಶೇಕಡಾ 7ರಂತೆ 4,096. ಲೆಕ್ಕ ಮಾಡುವ ರೀತಿ ಇಷ್ಟೇ:

60,000 × 7 × 356 ÷ 36,500 = 4,096

ಪೈಸೆಗಳನ್ನೂ ಸೇರಿಸಿ ಕೂಡಿದರೆ 13,465. ಬ್ಯಾಂಕಿನದ್ದು ಸರಿಯೇ ಇತ್ತು. ಜೂನ್ 11ರ ಒಳಗೆ ಆ ಲಕ್ಷ ಕಟ್ಟಿದ್ದರೆ 7,000ದಲ್ಲಿ 3,000 ವಾಪಸ್ ಬರುತ್ತಿತ್ತು, ಆ 2,368 ಹುಟ್ಟುತ್ತಲೇ ಇರಲಿಲ್ಲ. ಐದು ಸಾವಿರ ಚಿಲ್ಲರೆ ಹೋಯಿತು, ದುಡ್ಡು ಕೈಯಲ್ಲಿ ಇದ್ದೂ ಹೋಯಿತು.

ಇನ್ನೊಂದು ತಪ್ಪೂ ಇತ್ತು. ಸಮಯಕ್ಕೆ ಸರಿಯಾಗಿ ಕಟ್ಟುವವರೂ ನಮ್ಮ ಬ್ಯಾಂಕಿನಲ್ಲಿ ಕೌಂಟರಿನಲ್ಲಿ ಕಟ್ಟುವುದು ಶೇಕಡಾ 7. ಆ 3 ಆಮೇಲೆ ಬೇರೆಯಾಗಿ ಖಾತೆಗೆ ಜಮಾ ಆಗುತ್ತದೆ. 4ರ ಲೆಕ್ಕದಲ್ಲಿ ದುಡ್ಡು ತೆಗೆದುಕೊಂಡು ಹೋದರೆ ಸಾಲ ಪೂರ್ತಿ ತೀರುವುದೇ ಇಲ್ಲ. ಅಂದರೆ ಆತ ತಾರೀಕು ಸರಿ ಹಿಡಿದಿದ್ದರೂ ನಾನು ಕೌಂಟರಿನಲ್ಲಿ ಕಡಿಮೆ ದುಡ್ಡು ಹಿಡಿದುಕೊಂಡೇ ನಿಲ್ಲುತ್ತಿದ್ದೆ.

ಹೊರಗೆ ಬಂದು ಫೋನ್ ಮಾಡಿದೆ. ಮೊದಲ ಉತ್ತರ, "ನೀವು ಕಳಿಸಿದ ಫೋಟೋದಲ್ಲಿ ಇದ್ದದ್ದನ್ನೇ ಲೆಕ್ಕ ಹಾಕಿದ್ದು ಸರ್." ಹಿಂದಿನ ಪುಟ ಯಾಕೆ ಕೇಳಲಿಲ್ಲ ಅಂದೆ. "ನೀವು ಓದಿದವರು, ನಿಮಗೆ ಗೊತ್ತಿರಬೇಕಿತ್ತು." ಸರಿ, ಸೆಪ್ಟೆಂಬರ್‌ವರೆಗೆ ಸಮಯ ಉಂಟು ಅಂತ ಹೇಳಿದ್ದು ಯಾರು? "ಅದು ಅಂದಾಜು." ಅಂದಾಜಾ? ಮೆಸೇಜಿನಲ್ಲಿ ತಾರೀಕು ಸಮೇತ ಇದೆ! ಆಮೇಲೆ, "ಸೊಸೈಟಿಯಲ್ಲಿ ತೆಗೆದಿದ್ದರೆ ಬಡ್ಡಿಯೇ ಇರುತ್ತಿರಲಿಲ್ಲ, ಬ್ಯಾಂಕಿಗೆ ಯಾಕೆ ಹೋದಿರಿ" ಅಂತ ನನಗೇ ಉಪದೇಶ. ಸಹಕಾರಿ ಸಂಘದ ಶೂನ್ಯ ಬಡ್ಡಿ ರಾಜ್ಯ ಸರ್ಕಾರದ್ದು, ಅದು ಬೇರೆಯೇ ಸಂಗತಿ. ಈಗ ಅದನ್ನು ತೆಗೆಯುವುದು ಯಾಕೆ? 300 ರೂಪಾಯಿ ವಾಪಸ್ ಕೇಳಿದೆ. "ಲೆಕ್ಕ ಮಾಡಿದ್ದಕ್ಕೆ ತೆಗೆದುಕೊಂಡದ್ದು" ಅಂತ ಫೋನ್ ಇಟ್ಟರು.

ಆತ ಬೇಕಂತಲೇ ಮೋಸ ಮಾಡಿದ ಅಂತ ನಾನು ಹೇಳುವುದಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿರುವ ಹಾಗೆ ಹೇಳಿ ದುಡ್ಡು ತೆಗೆದುಕೊಂಡ. ನಮಗೆ ಆದ ನಷ್ಟ ಅಷ್ಟೇ.

ನೀವು ಫೋಟೋ ಕಳಿಸಲೇಬೇಕಾದರೆ ಸಾಲ ಪಡೆದ ಮೊದಲ ಸಾಲಿನಿಂದ ಎಲ್ಲ ಪುಟ ಕಳಿಸಿ. ಬಿ.ಎಫ್. ಕಂಡರೆ ಹಿಂದಿನ ಪುಟ ಬೇಕೇ ಬೇಕು. ಕೆಲವು ಬ್ಯಾಂಕಿನಲ್ಲಿ ಬಡ್ಡಿಯನ್ನು ನಡುವೆಯೇ ಖಾತೆಗೆ ಹಾಕುತ್ತಾರೆ, ಆಗ ಕೊನೆಯ ಬಾಕಿಯಲ್ಲಿ ಬಡ್ಡಿಯೂ ಸೇರಿರುತ್ತದೆ. ಅದರ ಮೇಲೆ ಮತ್ತೆ ಬಡ್ಡಿ ಹಾಕಿಸಿಕೊಳ್ಳಬೇಡಿ. ಪ್ರತಿ ಸಲ ತೆಗೆದದ್ದಕ್ಕೆ ಬೇರೆ ಬೇರೆ ವಾಯಿದೆ. ವಾಯಿದೆ ಯಾವತ್ತು ಅಂತ ಬ್ಯಾಂಕಿನಲ್ಲೇ ಬರೆಸಿಕೊಳ್ಳಿ. ಅದಕ್ಕೆ 300 ರೂಪಾಯಿ ಬೇಡ.

60 ಸಾವಿರದ್ದು ವಾಯಿದೆ ಒಳಗೇ ಕಟ್ಟಿದ್ದರಿಂದ ಅದರ ಶೇಕಡಾ 3, ಅಂದರೆ 1,756 ರೂಪಾಯಿ, ಜಮಾ ಆಗುತ್ತದೆ ಅಂತ ಆಫೀಸರ್ ಹೇಳಿದ್ದಾರೆ. ಅಪ್ಪ ಅದು ಬಂತಾ ಅಂತ ನೋಡಲು ತಾವೇ ಬ್ಯಾಂಕಿಗೆ ಹೋಗುತ್ತಾರೆ. ನನಗೆ ಪಾಸ್‌ಬುಕ್ ಕೊಡುವುದಿಲ್ಲ.