ಪ್ರೋಗ್ರೆಸ್ ನೋಟ್‌ನ ನಕಲು ಕತ್ತರಿಸುವ ಸೌಲಭ್ಯ: ವರ್ಷ ದಾಟಿದ ಬಳಕೆಯ ನಂತರ

ನಮ್ಮ ಆಸ್ಪತ್ರೆಯ ಇಎಂಆರ್‌ಗೆ, ಅಂದರೆ ರೋಗಿಗಳ ದಾಖಲೆ ಇಡುವ ಸಾಫ್ಟ್‌ವೇರ್‌ಗೆ, ಕಳೆದ ವರ್ಷ ದಿನದಿನದ ಪ್ರೋಗ್ರೆಸ್ ನೋಟ್ ಹೋಲಿಸುವ ಒಂದು ಸೌಲಭ್ಯ ಸೇರಿಸಿದರು. ಮೆಡಿಸಿನ್ ವಾರ್ಡಿನಲ್ಲಿ ಅದನ್ನು ದಿನವೂ ಬಳಸುತ್ತಿದ್ದೇನೆ. ಡ್ಯೂಟಿ ಡಾಕ್ಟರು ನಿನ್ನೆಯ ನೋಟನ್ನೇ ಕಾಪಿ ಮಾಡಿ ಇಂದಿನದನ್ನು ಬರೆದರೆ, ಅದು ಎರಡನ್ನೂ ಪಕ್ಕಪಕ್ಕ ಇಟ್ಟು, ಬದಲಾಗದ ಸಾಲುಗಳನ್ನು ಬೂದು ಬಣ್ಣದಲ್ಲಿ ತೋರಿಸುತ್ತದೆ. ಸಹಿ ಹಾಕುವ ಮೊದಲು ಒಂದು ಬಟನ್ ಒತ್ತಿದರೆ ಆ ಬೂದು ಸಾಲುಗಳೆಲ್ಲ ಇಂದಿನ ಕರಡಿನಿಂದ ಹೋಗುತ್ತವೆ. ಸಹಿಯಾದ ಹಳೆಯ ನೋಟುಗಳನ್ನು ಮುಟ್ಟುವುದಿಲ್ಲ, ಮುಟ್ಟಲೂಬಾರದು. ಅಲ್ಲಿ ಏನಾದರೂ ಬಿಟ್ಟುಹೋಗಿದ್ದರೆ ಅಡೆಂಡಮ್, ಅಂದರೆ ಸೇರ್ಪಡೆ ಟಿಪ್ಪಣಿ, ಬರೆಯಬೇಕು.

ಇದರ ಅಗತ್ಯ ಎಷ್ಟಿತ್ತು ಎಂಬುದಕ್ಕೆ 2017ರಲ್ಲಿ ಅಮೆರಿಕದ ಒಂದು ಬೋಧನಾ ಆಸ್ಪತ್ರೆಯಿಂದ ಬಂದ ಅಧ್ಯಯನ ನೋಡಿ: ನೋಟಿನಲ್ಲಿದ್ದ ಬರಹದಲ್ಲಿ ಕೈಯಿಂದ ಟೈಪ್ ಮಾಡಿದ್ದು 18% ಮಾತ್ರ, ಉಳಿದದ್ದು ಕಾಪಿ ಅಥವಾ ತಾನಾಗಿ ಬಂದು ಕೂತದ್ದು. ನಮ್ಮ ವಾರ್ಡಿನ ಐದನೇ ದಿನದ ನೋಟ್ ತೆರೆದವರಿಗೆ ಇದು ಆಶ್ಚರ್ಯವೇನಲ್ಲ.

ಸೌಲಭ್ಯದ ಬಗ್ಗೆ ಮೊದಲ ತಕರಾರು ಬಂದದ್ದು ಹೀಗೆ. ಹೃದಯ ವೈಫಲ್ಯದಿಂದ ಕಾಲು ಊದಿಸಿಕೊಂಡು ಅಡ್ಮಿಟ್ ಆದ ಒಬ್ಬ ಅಜ್ಜಿ. ಬಂದ ದಿನ ತೂಕ 74 ಕೆ.ಜಿ., ಕಿಡ್ನಿ ಸೋತರೆ ಏರುವ ಕ್ರಿಯಾಟಿನಿನ್ 1.1, ಮೂತ್ರ ಹೆಚ್ಚಿಸಿ ನೀರು ಇಳಿಸುವ ಲಾಸಿಕ್ಸ್ 40 ಮಿ.ಗ್ರಾಂ. ಐವಿ ದಿನಕ್ಕೆರಡು ಸಲ. ನಾಲ್ಕನೇ ದಿನ ತೂಕ 69.5ಕ್ಕೆ ಇಳಿದು, ಎದೆಯಲ್ಲಿ ನೀರಿನಿಂದ ಕೇಳುತ್ತಿದ್ದ ಕ್ರೆಪಿಟೇಶನ್ ಶಬ್ದ ಹೋಗಿತ್ತು. ಆದರೆ ಬಿಪಿ 98/60, ಕ್ರಿಯಾಟಿನಿನ್ 1.7. ನೀರು ಅಗತ್ಯಕ್ಕಿಂತ ಹೆಚ್ಚು ತೆಗೆದಿದ್ದೇವೆ ಎಂದು ಲಾಸಿಕ್ಸ್ ನಿಲ್ಲಿಸಿದೆವು. ಇಡೀ ರೋಗಕಥೆಯಲ್ಲಿ ಮುಖ್ಯವಾದದ್ದು ಈ ತಿರುವು. ಸಾಫ್ಟ್‌ವೇರ್ ಮಾತ್ರ ಆ ಕ್ರಿಯಾಟಿನಿನ್ ಇದ್ದ ಉದ್ದನೆಯ ಲ್ಯಾಬ್ ಸಾಲನ್ನು ಬೂದು ಮಾಡಿತ್ತು! ಕಾರಣ, ಅದರ ಡೀಫಾಲ್ಟ್ ಸೆಟ್ಟಿಂಗ್‌ನಲ್ಲಿ ಸಾಲು 90% ಹೊಂದಿದರೆ ಸಾಕು, ನಕಲೇ ಎಂದು ತೀರ್ಮಾನ. ಬದಲಾದದ್ದು ಒಂದೇ ಅಂಕಿ, ಉಳಿದ ಅಕ್ಷರಗಳೆಲ್ಲ ಅವೇ. ಉದ್ದನೆಯ ಸಾಲಿನಲ್ಲಿ ‘ನೋವಿಲ್ಲ’ ಹೋಗಿ ‘ನೋವಿದೆ’ ಆದರೂ ಇದೇ ಗತಿ.

ಐಟಿಯವರಿಗೆ ಹೇಳಿ ಅಕ್ಷರಶಃ ಒಂದೇ ಆಗಿದ್ದರೆ ಮಾತ್ರ ಬೂದು ಮಾಡುವಂತೆ ಬದಲಾಯಿಸಿಕೊಂಡೆವು. ಈಗ ಒಂದು ಅಂಕಿ ಬದಲಾದರೂ ಸಾಲು ಉಳಿಯುತ್ತದೆ. ನೋಟ್ ಸ್ವಲ್ಪ ಉದ್ದವಾಯಿತು, ಆಗಲಿ. ನಿಮ್ಮಲ್ಲಿ ಇಂಥದ್ದು ಹಾಕಿಸಿದರೆ ಮೊದಲು ಒಂದು ಪರೀಕ್ಷೆ ಮಾಡಿ: ನಕಲು ನೋಟಿನಲ್ಲಿ ಒಂದು ಅಂಕಿ, ಒಂದು ‘ಇಲ್ಲ’, ಎಡ-ಬಲ ಇವಿಷ್ಟನ್ನು ಬದಲಾಯಿಸಿ, ಮೂರೂ ಉಳಿಯುತ್ತವೆಯೇ ನೋಡಿ.

ಎರಡನೆಯ ತಕರಾರು ಸೆಟ್ಟಿಂಗ್‌ನಿಂದ ಸರಿಯಾಗುವಂಥದ್ದಲ್ಲ. ಅದೇ ಅಜ್ಜಿಯ ಮೊದಲ ದಿನದ ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಒಂದು ಚಿಕ್ಕ ಗಂಟು ಕಂಡಿತ್ತು, ಸಿಟಿ ಮಾಡಿಸಿ ಎಂದು ರೇಡಿಯಾಲಜಿಯವರು ಬರೆದಿದ್ದರು. ಆ ಸಾಲು ದಿನವೂ ಹಾಗೇ ಕಾಪಿಯಾಗುತ್ತಿತ್ತು. ಸೌಲಭ್ಯದ ಕಣ್ಣಿಗೆ ಅದು ಶುದ್ಧ ನಕಲು, ಮೂರನೇ ದಿನವೇ ಹೋಯಿತು. ಡಿಸ್ಚಾರ್ಜ್ ಸಮ್ಮರಿ ತಯಾರಿಸುತ್ತಿದ್ದ ಪಿಜಿ ವಿದ್ಯಾರ್ಥಿ ಮೊದಲ ದಿನದ ನೋಟಿನವರೆಗೂ ಹೋಗಿ ಓದಿದ್ದರಿಂದ ಸಿಕ್ಕಿತು; ಕೊನೆಯ ದಿನದ ನೋಟ್ ನಂಬಿ ಬರೆಯುವವರೇ ಹೆಚ್ಚು. ಇನ್ನೂ ಮುಗಿಯದ ಕೆಲಸದ ಸಾಲು ಮುಗಿಯುವವರೆಗೂ ನಕಲಾಗಲೇಬೇಕು. ಬ್ಲಡ್ ಕಲ್ಚರ್ ವರದಿ ಬರುವುದಿದೆ, ಕ್ಯಾತಿಟರ್ ತೆಗೆಯುವುದಿದೆ ಎಂಬಂಥವೂ ಹಾಗೆಯೇ. ಈಗ ನೋಟಿನ ಮೇಲ್ತುದಿಯಲ್ಲೇ ‘ಬಾಕಿ’ ಎಂಬ ವಿಭಾಗ ಮಾಡಿ, ಅದನ್ನು ಹೋಲಿಕೆಯಿಂದ ಹೊರಗಿಟ್ಟಿದ್ದೇವೆ.

ಕತ್ತರಿಸಿದ ನಂತರ ನಾಲ್ಕನೇ ದಿನದ ನೋಟ್ ಹೀಗೆ ಉಳಿಯಬೇಕು: ಬಾಕಿ, ಗಂಟಿಗೆ ಸಿಟಿ. ಮೂತ್ರ ಕಡಿಮೆ, ಎದ್ದರೆ ತಲೆಸುತ್ತು. ತೂಕ 69.5, ಬಿಪಿ 98/60, ಕ್ರೆಪಿಟೇಶನ್ ಇಲ್ಲ. ಕ್ರಿಯಾಟಿನಿನ್ 1.1ರಿಂದ 1.7. ಲಾಸಿಕ್ಸ್ ಇಂದಿನಿಂದ ನಿಲ್ಲಿಸಿದೆ, ನೀರು ಹೆಚ್ಚು ಹೋಗಿರುವುದರಿಂದ. ನಾಳೆಯ ಕ್ರಿಯಾಟಿನಿನ್ ನೋಡಿ ಮಾತ್ರೆಯಲ್ಲಿ ಶುರು. ಹಿಂದಿನ ಚರಿತ್ರೆಗೆ ಅಡ್ಮಿಶನ್ ನೋಟ್ ನೋಡಿ. ಇಂಥ ನೋಟಿನಲ್ಲಿ ಹಳೆಯ ಅಂಕಿ ‘1.1ರಿಂದ’ ಎಂದು ಪಕ್ಕದಲ್ಲಿರಬೇಕು, ಔಷಧ ಬದಲಾದ ಕಾರಣವೂ ಇರಬೇಕು. ಇವೆರಡನ್ನು ಸಾಫ್ಟ್‌ವೇರ್ ಬರೆಯುವುದಿಲ್ಲ, ನಾವೇ ಟೈಪ್ ಮಾಡಬೇಕು.

ಇನ್ನೂ ಬಗೆಹರಿಯದ್ದು ಒಂದಿದೆ. ಬೂದು ಎಂದರೆ ನಿನ್ನೆಯೂ ಇತ್ತು ಎಂದಷ್ಟೇ, ಇಂದಿಗೂ ನಿಜ ಎಂದಲ್ಲ. ರೌಂಡ್ಸ್‌ನಲ್ಲಿ ಬಾಯಿಮಾತಲ್ಲಿ ಲಾಸಿಕ್ಸ್ ನಿಲ್ಲಿಸಿ, ನೋಟ್ ತಿದ್ದದೆ ಬಿಟ್ಟರೆ ‘ಲಾಸಿಕ್ಸ್ ಮುಂದುವರಿಸಿ’ ಎಂಬ ಸಾಲು ಬೂದು ಬಣ್ಣದಲ್ಲಿ ನಿಲ್ಲುತ್ತದೆ. ಬಟನ್ ಒತ್ತಿದರೆ ತಪ್ಪು ಮಾಯ, ಆದರೆ ನಿಲ್ಲಿಸಿದ ವಿಷಯವೂ ಎಲ್ಲೂ ಬರದು. ಹಾಗಾಗಿ ಪ್ಲಾನ್ ಭಾಗಕ್ಕೆ ಬಟನ್ ಒತ್ತುವ ಮೊದಲು ಸಿಸ್ಟರ್ ಹತ್ತಿರದ ಡ್ರಗ್ ಚಾರ್ಟ್ ತೆರೆದು ಒಂದೊಂದೇ ಔಷಧ ಹೊಂದಿಸಿ ನೋಡುತ್ತೇನೆ. ಚಾರ್ಟ್ ಜೊತೆ ಹೋಲಿಸುವ ವ್ಯವಸ್ಥೆ ಬರುವವರೆಗೆ ಇದಕ್ಕೆ ನನ್ನ ಅಂಕ ಐದಕ್ಕೆ ಮೂರೂವರೆ.