ಸ್ಪ್ರಿಂಗ್ ಮಾಡೆಲ್ ಮಾಡುವಾಗ ಪೂರ್ತಿ ಒಂದೇ ಪಿಚ್ ಕೊಡಬೇಡಿ

ನಾನು ಮಾಡಿದ ಮಾಡೆಲ್ ನೋಡಿ ಸುತ್ತಿದ 200 ಸ್ಪ್ರಿಂಗ್ ಹೋದ ತಿಂಗಳು ಗುಜರಿಗೆ ಹೋದವು. ತಪ್ಪು ನನ್ನದೇ. ಸಾಲಿಡ್‌ವರ್ಕ್ಸ್‌ನಲ್ಲಿ ಕಂಪ್ರೆಷನ್ ಸ್ಪ್ರಿಂಗ್ ಬಿಡಿಸುವವರು ಇದನ್ನು ಓದಿ ಆಮೇಲೆ ಫೈಲ್ ಕಳಿಸಿ.

ಒಂದು ಕ್ಲ್ಯಾಂಪ್‌ಗೆ ಬೇಕಾಗಿದ್ದ ಸ್ಪ್ರಿಂಗ್ ಅದು. ತಂತಿ 3 ಮಿ.ಮೀ., ಸುತ್ತಿನ ಸರಾಸರಿ ವ್ಯಾಸ 24, ಒಟ್ಟು 8 ಸುತ್ತು, ಬಿಟ್ಟಾಗಿನ ಉದ್ದ 54. ಎರಡೂ ತುದಿಯ ಒಂದೊಂದು ಸುತ್ತು ಪಕ್ಕದ್ದಕ್ಕೆ ಅಂಟಿಕೊಂಡು, ಮುಖ ಚಪ್ಪಟೆಯಾಗಿ ಗ್ರೈಂಡ್ ಆಗಿರಬೇಕು. ಅಂದರೆ ಕೆಲಸ ಮಾಡುವ ಸುತ್ತು 6 ಮಾತ್ರ. ಇದು ನನ್ನ ತಲೆಯಲ್ಲಿತ್ತು, ಮಾಡೆಲ್‌ನಲ್ಲಿ ಇರಲಿಲ್ಲ. ಅವಸರದಲ್ಲಿ Helix/Spiral ತೆಗೆದು, ಎತ್ತರ 54, ಸುತ್ತು 8 ಅಂತ ಹಾಕಿ, ವೃತ್ತವನ್ನು ಅದರ ಮೇಲೆ ಸ್ವೀಪ್ ಮಾಡಿಬಿಟ್ಟೆ. ಪಿಚ್ ಉದ್ದಕ್ಕೂ 6.75 ಆಯ್ತು. ಡ್ರಾಯಿಂಗ್ ಇಲ್ಲದೆ ಬರೀ ಮಾಡೆಲ್ ಕಳಿಸಿದೆ.

ಬಂದ ಸ್ಪ್ರಿಂಗ್ ಅಳೆದರೆ 57 ಮಿ.ಮೀ. ಹೆಲಿಕ್ಸ್‌ನ ಎತ್ತರ ತಂತಿಯ ನಡುಗೆರೆಯದ್ದು. ಕೆಳಗೆ ಅರ್ಧ ತಂತಿ, ಮೇಲೆ ಅರ್ಧ ತಂತಿ ಸೇರಿ 3 ಮಿ.ಮೀ. ಜಾಸ್ತಿಯಾಗಿತ್ತು. ಮೇಜಿನ ಮೇಲೆ ನಿಲ್ಲಿಸಿದರೆ ಒಂದೇ ಮೊನೆಯ ಮೇಲೆ ನಿಂತು ವಾಲುತ್ತಿತ್ತು. ಎಲ್ಲಕ್ಕಿಂತ ಕೆಟ್ಟದ್ದು ಅದರ ಬಲ. 34 ಮಿ.ಮೀ.ಗೆ ಒತ್ತಿದಾಗ 193 ನ್ಯೂಟನ್ ಬರಬೇಕಿತ್ತು, ಬಂದದ್ದು 166ರ ಆಸುಪಾಸು. ತುದಿಗಳು ಬಿಡಿಯಾಗಿದ್ದರಿಂದ 8 ಸುತ್ತೂ ಕೆಲಸ ಮಾಡುತ್ತಿದ್ದವು. ಕೆಲಸ ಮಾಡುವ ಸುತ್ತು ಹೆಚ್ಚಾದಷ್ಟೂ ಸ್ಪ್ರಿಂಗ್ ಮೆತ್ತಗಾಗುತ್ತದೆ ಅಲ್ವಾ? ಪ್ರತಿ ಮಿ.ಮೀ.ಗೆ 9.6 ನ್ಯೂಟನ್ ಇರಬೇಕಾದದ್ದು 7.2ಕ್ಕೆ ಇಳಿದಿತ್ತು. ಸುತ್ತಿದವರಿಗೆ ಫೋನ್ ಮಾಡಿದಾಗ, "ಸಾರ್, ಮಾಡೆಲ್‌ನಲ್ಲಿ ಹೆಂಗಿತ್ತೋ ಹಂಗೇ ಸುತ್ತಿದ್ದೀವಿ" ಅಂದರು. ಅವರು ಹೇಳಿದ್ದು ಸರಿಯೇ.

ಎರಡನೇ ಸಲ Variable pitch ಆರಿಸಿ, Pitch and Revolution ಇಟ್ಟುಕೊಂಡೆ. ಇಲ್ಲೂ ಎರಡು ಕಡೆ ಎಡವಿದೆ.

ತುದಿ ಸುತ್ತು ಅಂಟಿರಬೇಕು ಅಂತ ಪಿಚ್ ಸರಿಯಾಗಿ 3 ಕೊಟ್ಟೆ. ಸುತ್ತುಗಳು ಒಂದರೊಳಗೊಂದು ನುಸುಳಿ ಸ್ವೀಪ್ ಕೆಟ್ಟಿತು. ತಂತಿ ಸ್ವಲ್ಪ ಓರೆಯಾಗಿ ಏರುವುದರಿಂದ ನೇರ ಮೇಲ್ಮುಖವಾಗಿ ಅದರ ದಪ್ಪ 3ಕ್ಕಿಂತ ಕೂದಲೆಳೆಯಷ್ಟು ಜಾಸ್ತಿ. 3.05 ಕೊಟ್ಟರೆ ತೊಂದರೆ ಇಲ್ಲ. ಕಣ್ಣಿಗೆ ಅಂಟಿದಂತೆಯೇ ಕಾಣುತ್ತದೆ.

ಇನ್ನೊಂದು, ನಡುವಿನ ಪಿಚ್. ಪುಸ್ತಕದ ಲೆಕ್ಕದಲ್ಲಿ 54ರಿಂದ ಎರಡು ತಂತಿ ದಪ್ಪ ಕಳೆದು 6ರಿಂದ ಭಾಗಿಸಿದರೆ 8 ಬರುತ್ತದೆ. ಅದನ್ನೇ ಹಾಕಿದೆ. ಆದರೆ ಪಟ್ಟಿಯಲ್ಲಿ ಒಂದು ಸಾಲಿನಿಂದ ಮುಂದಿನ ಸಾಲಿಗೆ ಪಿಚ್ ಮೆಲ್ಲಗೆ ಏರುತ್ತದೆ, ಒಮ್ಮೆಗೇ ಜಿಗಿಯುವುದಿಲ್ಲ. ತುದಿಯ ಪಿಚ್‌ನಿಂದ ನಡುವಿನ ಪಿಚ್‌ಗೆ ಬದಲಾಗಲು ಎರಡೂ ಕಡೆ ಬಿಟ್ಟ ಅರ್ಧರ್ಧ ಸುತ್ತಿನಲ್ಲಿ ಎತ್ತರ ಕಡಿಮೆ ಬೀಳುತ್ತದೆ. ಕೊನೆಯ ಸಾಲಿನ H ನೋಡಿದರೆ 51.625 ತೋರಿಸುತ್ತಿತ್ತು. ಹಾಗಾಗಿ ಬೇಕಾದ H ಮೊದಲು ತೀರ್ಮಾನಿಸಿ, ನಡುವಿನ ಪಿಚ್ ಹಿಂದಕ್ಕೆ ಲೆಕ್ಕ ಹಾಕಬೇಕು.

ಆ H ಎಷ್ಟು ಅನ್ನುವುದು ತುದಿಯನ್ನು ಎಲ್ಲಿ ಕತ್ತರಿಸುತ್ತೀರಿ ಅನ್ನುವುದರ ಮೇಲಿದೆ. ತಂತಿಯ ನಡುಗೆರೆಯಲ್ಲೇ ಕತ್ತರಿಸಿದರೆ ಚಪ್ಪಟೆ ಮುಖ ಅರ್ಧ ಸುತ್ತಷ್ಟೇ ಸಿಗುತ್ತದೆ, ಸ್ಪ್ರಿಂಗ್ ಮತ್ತೆ ವಾಲುತ್ತದೆ. ನಡುಗೆರೆಯಿಂದ ಇನ್ನೂ ಕಾಲು ತಂತಿ, ಅಂದರೆ 0.75 ಮಿ.ಮೀ. ಒಳಗೆ ಕತ್ತರಿಸಿದರೆ ಮುಖ ಹೆಚ್ಚುಕಡಿಮೆ ಮುಕ್ಕಾಲು ಸುತ್ತು ಬರುತ್ತದೆ, ಮೊನೆಯಲ್ಲಿ ಕಾಲು ತಂತಿ ದಪ್ಪ ಉಳಿಯುತ್ತದೆ. ಚೆನ್ನಾಗಿ ಗ್ರೈಂಡ್ ಮಾಡಿದ ಸ್ಪ್ರಿಂಗ್ ಕೈಯಲ್ಲಿ ಹಿಡಿದು ನೋಡಿ, ಹೀಗೇ ಇರುತ್ತದೆ. ಎರಡೂ ಕಡೆ 0.75 ಹೋಗುವುದರಿಂದ H 55.5 ಇರಬೇಕು. ಅದಕ್ಕೆ ನಡುವಿನ ಪಿಚ್ 8.705:

```
P      Rev
3.05   0
3.05   1
8.705  1.5
8.705  6.5
3.05   7
3.05   8
```

ಬೇರೆ ಬೇರೆ ಹೆಲಿಕ್ಸ್ ಮಾಡಿ ಜೋಡಿಸುವ ದಾರಿ ಹಿಡಿಯಬೇಡಿ. ಜೋಡಣೆಯಲ್ಲಿ ತಂತಿ ಮುರಿದಂತೆ ಕೋನ ಬರುತ್ತದೆ. ಸ್ವೀಪ್‌ಗೆ Circular Profile ಆರಿಸಿ 3 ಅಂತ ಕೊಟ್ಟರೆ ವೃತ್ತ ಹೆಲಿಕ್ಸ್‌ಗೆ ತಾನೇ ಲಂಬವಾಗಿ ನಿಲ್ಲುತ್ತದೆ. ಬೇರೆ ಸ್ಕೆಚ್ ಬೇಕಾಗಿಲ್ಲ.

ಈ ಸಲ ಮಾಡೆಲ್ ಜೊತೆ ಡ್ರಾಯಿಂಗ್ ಕೂಡ ಕಳಿಸಿದೆ: ಒಟ್ಟು ಸುತ್ತು 8, ಕೆಲಸ ಮಾಡುವ ಸುತ್ತು 6, ತುದಿ ಮುಚ್ಚಿ ಗ್ರೈಂಡ್, ಬಲಸುತ್ತು, 34 ಮಿ.ಮೀ.ಯಲ್ಲಿ 193 ನ್ಯೂಟನ್. ಮೊದಲು ಐದೇ ಸ್ಪ್ರಿಂಗ್ ಸುತ್ತಿಸಿ ತರಿಸಿಕೊಂಡೆ. ಐದೂ ಮೇಜಿನ ಮೇಲೆ ನೆಟ್ಟಗೆ ನಿಂತವು. ಒತ್ತಿ ಬಲ ನೋಡಿದ ಮೇಲೆಯೇ ಉಳಿದವಕ್ಕೆ ಆರ್ಡರ್ ಕೊಟ್ಟೆ.