ಕಾರ್ಡ್ ಕೊಡುವ ಮುಂಚೆ: ಕ್ವಿಕ್ ಫಾರ್ಮ್ಯಾಟ್ ಸಾಕಾ, ಪೂರ್ತಿ ಅಳಿಸಬೇಕಾ?

ಚಿಕ್ಕಪ್ಪನ ಮಗನಿಗೆ ಗೃಹಪ್ರವೇಶದ ಫೋಟೋ ತೆಗೆಯೋಕೆ ಇನ್ನೊಂದು ಎಸ್‌ಡಿ ಕಾರ್ಡ್ ಬೇಕಿತ್ತು. ಅದೇ ಹೊತ್ತಿಗೆ ಆಫೀಸಿನಲ್ಲಿ ಒಬ್ಬರು ನನ್ನ ಹಳೆ ಡ್ಯಾಶ್‌ಕ್ಯಾಮ್ ಕಾರ್ಡ್ ಕೇಳಿದರು. ಎರಡೂ 64 ಜಿಬಿ. ಕೊಡುವ ಮುಂಚೆ ಎರಡನ್ನೂ ಮೊದಲು ಕ್ವಿಕ್ ಫಾರ್ಮ್ಯಾಟ್ ಮಾಡಿದೆ, ಆಮೇಲೆ ಪೂರ್ತಿ ಅಳಿಸಿದೆ. ಪ್ರತಿ ಸಲವೂ ಫೋಟೋರೆಕ್ ಅನ್ನೋ ಉಚಿತ ತಂತ್ರಾಂಶ ಹಾಕಿ ಏನೇನು ವಾಪಸ್ ಬರುತ್ತೆ ಅಂತ ನೋಡಿದೆ.

ಮೊದಲು ಕ್ಯಾಮೆರಾ ಕಾರ್ಡ್. ಕ್ಯಾಮೆರಾದ ಮೆನುವಿನಲ್ಲಿ ಫಾರ್ಮ್ಯಾಟ್ ಒತ್ತಿದರೆ ಎರಡು ಮೂರು ಸೆಕೆಂಡಿನಲ್ಲಿ ಮುಗಿಯುತ್ತೆ. ಅನುಮಾನ ಬರಬೇಕಾದದ್ದು ಇಲ್ಲೇ. ಕಾರ್ಡು ಸೆಕೆಂಡಿಗೆ 80 ಎಂಬಿ ಬರೆಯುತ್ತೆ ಅಂದುಕೊಂಡರೂ 64 ಜಿಬಿ ತುಂಬೋಕೆ 13 ನಿಮಿಷ ಬೇಕು. ಮೂರು ಸೆಕೆಂಡಿನಲ್ಲಿ ಫೋಟೋಗಳ ಮೇಲೆ ಬರೆಯೋಕೆ ಸಾಧ್ಯವೇ ಇಲ್ಲ. ಕ್ವಿಕ್ ಫಾರ್ಮ್ಯಾಟ್ ಮುಖ್ಯವಾಗಿ ಬರೆಯೋದು ಎರಡು ಕಡೆ. ಕಾರ್ಡಿನ ಯಾವ ಜಾಗ ಖಾಲಿ, ಯಾವುದು ತುಂಬಿದೆ ಅನ್ನೋ ಲೆಕ್ಕವನ್ನು ಹೊಸದು ಮಾಡುತ್ತೆ. ಎಲ್ಲಕ್ಕಿಂತ ಮೇಲಿನ ಫೋಲ್ಡರಿನ ಪಟ್ಟಿಯನ್ನು ಖಾಲಿ ಮಾಡುತ್ತೆ. ಅದರೊಳಗಿದ್ದ, ಕ್ಯಾಮೆರಾ ಫೋಟೋ ಇಡುವ DCIM ಫೋಲ್ಡರಿನ ಸ್ವಂತ ಪಟ್ಟಿಯೂ ಫೋಟೋಗಳೂ ಇದ್ದಲ್ಲೇ ಇರುತ್ತವೆ.

ಫೋಟೋರೆಕ್ ಈ ಪಟ್ಟಿಗಳನ್ನು ಕೇಳೋದೇ ಇಲ್ಲ. ಕಾರ್ಡನ್ನು ಶುರುವಿನಿಂದ ಕೊನೆಯವರೆಗೆ ಓದುತ್ತಾ ಹೋಗುತ್ತೆ. ಜೆಪೆಗ್ ಫೋಟೋ ಯಾವಾಗಲೂ `FF D8 FF` ಎಂಬ ಮೂರು ಬೈಟುಗಳಿಂದ ಶುರುವಾಗುತ್ತೆ. ಅದು ಕಂಡ ಕಡೆಯಿಂದ ಎತ್ತಿ `recup_dir.1` ಅನ್ನೋ ಫೋಲ್ಡರಿಗೆ ಹಾಕುತ್ತೆ. ಹೆಸರು ಹೋಗಿರುತ್ತೆ, ಫೋಟೋ ಹೋಗಿರಲ್ಲ. ತೆಗೆದ ದಿನಾಂಕವೂ ಫೋಟೋದೊಳಗೇ ಇರುತ್ತೆ. ಕೆಲವು ಕ್ಯಾಮೆರಾಗಳು ತಮ್ಮ ಸೀರಿಯಲ್ ನಂಬರನ್ನೂ ಅಲ್ಲೇ ಬರೆದಿರುತ್ತವೆ.

ಬಂದ ಫೋಟೋಗಳನ್ನು ದಿನಾಂಕದ ಪ್ರಕಾರ ಜೋಡಿಸಿ ನೋಡಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಕೊನೆಯ ಸಲ ತೆಗೆದ ಫೋಟೋಗಳು ಕಡಿಮೆ. ಜಾಸ್ತಿ ಇದ್ದದ್ದು ಎರಡು ವರ್ಷ ಹಿಂದಿನವು. ಅದಾದ ಮೇಲೆ ಈ ಕಾರ್ಡನ್ನು ಎಷ್ಟೋ ಸಲ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ ಬಳಸಿದ್ದೆ. ಆದರೂ ಅವು ಹೇಗೆ ಉಳಿದವು?

ಫಾರ್ಮ್ಯಾಟ್ ಆದ ಮೇಲೆ ಕ್ಯಾಮೆರಾ ಸಾಮಾನ್ಯವಾಗಿ ಕಾರ್ಡಿನ ಮುಂಭಾಗದಿಂದ ಬರೆಯೋಕೆ ಶುರು ಮಾಡುತ್ತೆ. ಎರಡು ವರ್ಷದ ಹಿಂದೆ ಕೊಡಗಿಗೆ ಹೋಗಿದ್ದಾಗ ಈ ಕಾರ್ಡು ಸುಮಾರು 50 ಜಿಬಿ ತುಂಬಿತ್ತು. ಆಮೇಲಿನ ಸಣ್ಣಪುಟ್ಟ ಸಮಾರಂಭಗಳೆಲ್ಲ 8, 9 ಜಿಬಿ ದಾಟಿರಲಿಲ್ಲ. ಹಾಗಾಗಿ ಹೊಸ ಫೋಟೋಗಳು ಮತ್ತೆ ಮತ್ತೆ ಅದೇ ಮೊದಲ 9 ಜಿಬಿ ಮೇಲೆ ಕೂತವು. ಅಲ್ಲಿಂದ ಆಚೆಗಿನ 40 ಜಿಬಿಯನ್ನು ಯಾರೂ ಮುಟ್ಟಿರಲಿಲ್ಲ. ಅದರಲ್ಲಿ ಮಕ್ಕಳ ಫೋಟೋ ಇತ್ತು. ಹೋಮ್‌ಸ್ಟೇನವರಿಗೆ ಕಳಿಸೋಕೆ ಮೇಜಿನ ಮೇಲಿಟ್ಟು ತೆಗೆದ ಆಧಾರ್ ಕಾರ್ಡಿನ ಫೋಟೋನೂ ಇತ್ತು, ನಂಬರು ಸ್ಪಷ್ಟವಾಗಿ ಓದುವ ಹಾಗೆ. ‘ಕಾರ್ಡಲ್ಲಿ ಈಗ ಅಂಥದ್ದೇನೂ ಇಲ್ಲ, ಸುಮ್ನೆ ಕ್ವಿಕ್ ಫಾರ್ಮ್ಯಾಟ್ ಮಾಡಿ ಕೊಡ್ತೀನಿ’ ಅನ್ನೋರು ಲೆಕ್ಕಕ್ಕೆ ತಗೊಳ್ಳದ ಭಾಗ ಇದು. ಕೊನೆಯ ಫೋಟೋಗಳು ಯಾವುವು ಅನ್ನೋದಕ್ಕಿಂತ, ಈ ಕಾರ್ಡು ಯಾವತ್ತಾದರೂ ಎಷ್ಟು ತುಂಬಿತ್ತು ಅನ್ನೋದೇ ಮುಖ್ಯ.

ಡ್ಯಾಶ್‌ಕ್ಯಾಮ್ ಕಾರ್ಡಿನ ಕಥೆ ಬೇರೆ. ಅದು ಯಾವಾಗಲೂ ತುದಿಯವರೆಗೂ ತುಂಬಿರುತ್ತೆ. ಹಳೆ ವಿಡಿಯೋ ಅಳಿಸಿ ಹೊಸದು ಬರೆಯುತ್ತಲೇ ಇರುತ್ತೆ. ನಿಮಿಷಕ್ಕೆ ಸುಮಾರು 100 ಎಂಬಿ ಅಂದರೆ 64 ಜಿಬಿಯಲ್ಲಿ ಹತ್ತು ಗಂಟೆಗಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತೆ. ಆಫೀಸಿಗೆ ಹೋಗಿ ಬರುವವರಿಗೆ ಅದು ಒಂದು ವಾರದ ಓಡಾಟ. ಕ್ವಿಕ್ ಫಾರ್ಮ್ಯಾಟ್ ಆದ ಮೇಲೆ ಫೋಟೋರೆಕ್ ಇದರಿಂದಲೂ ಎಂಪಿ4 ಫೈಲುಗಳನ್ನು ಎತ್ತಿತು. ಆದರೆ ಎಲ್ಲವೂ ಓಡಲಿಲ್ಲ. ಅಳಿಸಿ ಬರೆದು, ಅಳಿಸಿ ಬರೆದು ಒಂದೊಂದು ವಿಡಿಯೋ ಬೇರೆ ಬೇರೆ ಜಾಗದಲ್ಲಿ ತುಂಡಾಗಿ ಕೂತಿರಬಹುದು. ವಿಡಿಯೋದ ಒಳಗಿನ ಸೂಚಿ ಎಷ್ಟೋ ಸಲ ಫೈಲಿನ ಕೊನೆಯಲ್ಲಿರುತ್ತೆ, ಆ ತುಂಡು ಸಿಗದಿದ್ದರೆ ಪ್ಲೇಯರ್ ಕೈ ಚೆಲ್ಲುತ್ತೆ. ಹಾಗಂತ ಸಮಾಧಾನ ಪಡುವಂತಿಲ್ಲ. ಓಡಿದ ಕ್ಲಿಪ್ಪುಗಳಲ್ಲಿ ನಮ್ಮ ಮನೆ ಗೇಟು, ಪಕ್ಕದ ಮನೆಯವರ ಗಾಡಿ ನಂಬರು, ಕಾರೊಳಗೆ ಫೋನಲ್ಲಿ ಮಾತಾಡಿದ್ದು, ಚಿತ್ರದ ಕೆಳಗೆ ಜಿಪಿಎಸ್ ಅಂಕಿಗಳು ಎಲ್ಲ ಇದ್ದವು. ಯಾವ ಹೊತ್ತಿಗೆ ಮನೆಯಲ್ಲಿ ಕಾರಿರಲ್ಲ ಅಂತ ತಿಳಿಯೋಕೆ ಅಷ್ಟು ಸಾಕು.

ಇನ್ನು ಪೂರ್ತಿ ಅಳಿಸೋದು. ಇದಕ್ಕೆ ನಾನು ಮುಖ್ಯವಾಗಿ ಬಳಸಿದ್ದು ಎಸ್‌ಡಿ ಅಸೋಸಿಯೇಷನ್‌ನವರೇ ಕೊಡುವ ಉಚಿತ `SD Memory Card Formatter`. ಅದರಲ್ಲಿ `Quick format`, `Overwrite format` ಅಂತ ಎರಡು ಆಯ್ಕೆ ಇರುತ್ತೆ. ಎರಡನೆಯದನ್ನು ಆರಿಸಿದರೆ ಇಡೀ ಕಾರ್ಡಿನ ಮೇಲೆ ಬರೆಯುತ್ತೆ. ವಿಂಡೋಸ್‌ನಲ್ಲಿ ಕಾರ್ಡಿನ ಮೇಲೆ ರೈಟ್ ಕ್ಲಿಕ್ ಮಾಡಿ `Format` ತೆರೆದು `Quick Format` ಮುಂದಿನ ಟಿಕ್ ತೆಗೆದರೂ ಆಗುತ್ತೆ. ವಿಸ್ಟಾದಿಂದ ಈಚೆಗಿನ ವಿಂಡೋಸ್ ಆಗ ಸೊನ್ನೆಗಳನ್ನು ಬರೆಯುತ್ತೆ. ಎಕ್ಸ್‌ಪಿ ಕಾಲದಲ್ಲಿ ಟಿಕ್ ತೆಗೆದರೂ ಅದು ಕೆಟ್ಟ ಸೆಕ್ಟರ್ ಇದೆಯಾ ಅಂತ ಓದಿ ನೋಡುತ್ತಿತ್ತು ಅಷ್ಟೇ. ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡಿರೋರು ಗಮನಿಸಿ.

ಸಮಯ ಎಷ್ಟು ಹಿಡಿಯುತ್ತೆ ಅನ್ನೋದು ಕಾರ್ಡ್ ರೀಡರಿನ ಮೇಲೂ ನಿಂತಿದೆ. ಹಳೆಯ ಯುಎಸ್‌ಬಿ 2 ರೀಡರಿನಲ್ಲಿ ಸೆಕೆಂಡಿಗೆ 20 ಎಂಬಿ ಸಿಕ್ಕರೆ 64 ಜಿಬಿಗೆ 53 ನಿಮಿಷ. ಯುಎಸ್‌ಬಿ 3 ರೀಡರ್, ಒಳ್ಳೆ ಕಾರ್ಡ್ ಇದ್ದರೆ ಕಾಲು ಗಂಟೆ ಆಸುಪಾಸು. ಕಾರ್ಡಿನ ಮೇಲೆ ದೊಡ್ಡದಾಗಿ ಅಚ್ಚಾಗಿರುವ ವೇಗ ಸಾಮಾನ್ಯವಾಗಿ ಓದುವ ವೇಗ, ಬರೆಯುವುದಲ್ಲ. ವಿ30 ಗುರುತಿದ್ದರೆ ಸೆಕೆಂಡಿಗೆ ಕನಿಷ್ಠ 30 ಎಂಬಿ ಬರೆಯುತ್ತೆ ಅಂತ ಲೆಕ್ಕ ಹಾಕಬಹುದು. ಊಟಕ್ಕೆ ಕೂರುವ ಮುಂಚೆ ಶುರು ಮಾಡಿದರೆ ಏಳುವಷ್ಟರಲ್ಲಿ ಮುಗಿದಿರುತ್ತೆ.

ಲಿನಕ್ಸ್ ಇರೋರಿಗೆ ಇದೇ ಕೆಲಸ ಹೀಗೆ:

```
lsblk
sudo dd if=/dev/zero of=/dev/sdX bs=4M status=progress
sudo cmp /dev/sdX /dev/zero
```

`sdX` ಜಾಗದಲ್ಲಿ ನಿಮ್ಮ ಕಾರ್ಡಿನ ಹೆಸರು ಬರಬೇಕು. ಗಾತ್ರ ನೋಡಿ ಎರಡು ಸಲ ಖಾತ್ರಿ ಮಾಡಿಕೊಳ್ಳಿ, ತಪ್ಪಿದರೆ ಲ್ಯಾಪ್‌ಟಾಪಿನ ಡಿಸ್ಕೇ ಖಾಲಿ. ಕೊನೆಯಲ್ಲಿ `No space left on device` ಅಂತ ಬಂದರೆ ಗಾಬರಿ ಬೇಡ, ಕಾರ್ಡ್ ತುಂಬಿತು ಅಂತ ಅರ್ಥ. ಮೂರನೇ ಸಾಲಿನ ಪರೀಕ್ಷೆಗೆ ಮುಂಚೆ ಕಾರ್ಡನ್ನು ಒಮ್ಮೆ ತೆಗೆದು ಹಾಕಿ. ಉತ್ತರದಲ್ಲಿ `EOF` ಬಂದರೆ ಕಾರ್ಡಿಡೀ ಸೊನ್ನೆ. `differ` ಬಂದರೆ ಎಲ್ಲೋ ಏನೋ ಉಳಿದಿದೆ.

ಕೆಲವು ಕ್ಯಾನನ್ ಕ್ಯಾಮೆರಾಗಳಲ್ಲಿ ಫಾರ್ಮ್ಯಾಟ್ ಪರದೆಯಲ್ಲೇ `Low level format` ಅಂತ ಒಂದು ಟಿಕ್ ಇರುತ್ತೆ. ನನ್ನದರಲ್ಲಿ ಇತ್ತು. ಬರೀ ಫಾರ್ಮ್ಯಾಟಿಗಿಂತ ತುಸು ಹೆಚ್ಚು ಹೊತ್ತು ಹಿಡಿಯಿತು, ಆದರೆ ಓವರ್‌ರೈಟ್‌ನಷ್ಟು ಅಲ್ಲವೇ ಅಲ್ಲ. ಇಷ್ಟು ಬೇಗ ಹೇಗೆ ಅಂದರೆ, ಇಂತಿಷ್ಟು ಜಾಗ ಅಳಿಸು ಅಂತ ಕಾರ್ಡಿಗೇ ಹೇಳುವ ಆದೇಶ ಎಸ್‌ಡಿ ಕಾರ್ಡುಗಳಲ್ಲಿ ಇದೆ. ಒಂದೊಂದೇ ಬೈಟ್ ಕಳಿಸುವ ಕೆಲಸ ಇರಲ್ಲ, ಕಾರ್ಡು ತನ್ನೊಳಗೇ ಅಳಿಸಿಕೊಳ್ಳುತ್ತೆ. ವೇಗ ನೋಡಿದರೆ ಕ್ಯಾಮೆರಾ ಅದನ್ನೇ ಬಳಸುತ್ತಿರಬೇಕು. ಆಮೇಲೆ ಫೋಟೋರೆಕ್‌ಗೆ ಒಂದೂ ಫೋಟೋ ಸಿಗಲಿಲ್ಲ. ಈ ಟಿಕ್ ಇರೋ ಕ್ಯಾಮೆರಾ ಇದ್ದರೆ ನನ್ನ ಆಯ್ಕೆ ಇದೇ. ಲ್ಯಾಪ್‌ಟಾಪ್ ತೆಗೆಯುವ ರಗಳೆಯೇ ಇಲ್ಲ.

ಡ್ಯಾಶ್‌ಕ್ಯಾಮ್‌ನಲ್ಲಿ ಇಂಥ ಆಯ್ಕೆ ನನಗೆ ಸಿಗಲಿಲ್ಲ. ಲೆನ್ಸಿಗೆ ಬಟ್ಟೆ ಮುಚ್ಚಿ ಕಾರ್ಡು ತುಂಬುವವರೆಗೆ ರೆಕಾರ್ಡ್ ಮಾಡೋ ಉಪಾಯವನ್ನೂ ನೋಡಿದೆ. ಅದು ಬೇಡ. ಮಾಮೂಲಿ ವೇಗದಲ್ಲೇ ಹತ್ತು ಗಂಟೆ ಬೇಕು. ಬರೀ ಕತ್ತಲೆಯ ಚಿತ್ರ ಕಡಿಮೆ ಜಾಗ ಹಿಡಿಯೋದರಿಂದ ಇನ್ನೂ ಜಾಸ್ತಿ ಆಗಬಹುದು. ಮೇಲಾಗಿ ಕಾರ್ಡು ಪೂರ್ತಿ ತುಂಬುವ ಮುಂಚೆಯೇ ಅದು ಹಳೇದನ್ನು ಅಳಿಸೋಕೆ ಶುರು ಮಾಡಿದರೆ, ಕೊನೆಯ ಸ್ವಲ್ಪ ಜಾಗ ಹಾಗೇ ಉಳಿಯುತ್ತೆ. ಡ್ಯಾಶ್‌ಕ್ಯಾಮ್ ಕಾರ್ಡಿಗೆ ಓವರ್‌ರೈಟ್ ಒಂದೇ ದಾರಿ.

ಹೀಗೆ ಮೇಲೆ ಬರೆದರೆ ಕಾರ್ಡು ಸವೆಯುತ್ತೆ ಅಂತ ಒಬ್ಬರು ಹೆದರಿಸಿದರು. ಒಂದು ಸಲ ಪೂರ್ತಿ ತುಂಬಿದಷ್ಟೇ ಸವೆತ ಅದು. ವಾರಕ್ಕೊಮ್ಮೆ ತುಂಬಿ ಖಾಲಿಯಾಗುವ ಡ್ಯಾಶ್‌ಕ್ಯಾಮ್ ಕಾರ್ಡಿಗೆ ಇದು ಲೆಕ್ಕಕ್ಕೇ ಬರಲ್ಲ. ಆದರೆ ಆಗಲೇ ಸವೆದ ಕಾರ್ಡು ಇನ್ನೊಂದು ರೀತಿ ಕೈ ಕೊಡುತ್ತೆ. ಫಾರ್ಮ್ಯಾಟ್ ಆಯಿತು ಅಂತ ಹೇಳುತ್ತೆ, ತೆಗೆದು ಮತ್ತೆ ಹಾಕಿದರೆ ಹಳೆ ಫೈಲುಗಳೆಲ್ಲ ಇದ್ದ ಹಾಗೇ ಇರುತ್ತವೆ. ಅಂಥ ಕಾರ್ಡು ಬರೆಯೋದನ್ನು ನಿಲ್ಲಿಸಿ ಓದೋಕೆ ಮಾತ್ರ ಉಳಿದಿರುತ್ತೆ. ಅದನ್ನು ಯಾವ ತಂತ್ರಾಂಶವೂ ಅಳಿಸಲ್ಲ. ಯಾರಿಗೂ ಕೊಡಬೇಡಿ, ಕತ್ತರಿಸಿ ಬಿಸಾಡಿ. ಅಡಾಪ್ಟರಿನ ಬದಿಯ ಲಾಕ್ ಕೆಳಗೆ ಸರಿದಿದ್ದರೆ ಮಾತ್ರ ಬೇರೆ ಮಾತು, ಆಗ ಫಾರ್ಮ್ಯಾಟ್ ಶುರುವೇ ಆಗದೆ ರೈಟ್ ಪ್ರೊಟೆಕ್ಟೆಡ್ ಅಂತ ಬರುತ್ತೆ.

ಓವರ್‌ರೈಟ್‌ಗೂ ಒಂದು ಮಿತಿ ಇದೆ. ಪ್ರತಿ ಕಾರ್ಡಿನೊಳಗೆ ಕಂಪ್ಯೂಟರಿಗೆ ಕಾಣದ ಒಂದಿಷ್ಟು ಮೀಸಲು ಜಾಗ ಇರುತ್ತೆ. ಸವೆದ ಭಾಗದ ಬದಲು ಕಾರ್ಡು ಅದನ್ನು ಬಳಸುತ್ತೆ. ಅಲ್ಲಿ ಹಳೆ ಫೋಟೋದ ಚೂರುಗಳು ಉಳಿದಿರಬಹುದು. ಅದನ್ನು ಓದಬೇಕಾದರೆ ಚಿಪ್ಪನ್ನು ನೇರವಾಗಿ ಓದುವ ಸಲಕರಣೆ ಬೇಕು. ಪರಿಚಯದವರಿಗೆ ಕೊಡುವ ಕಾರ್ಡಿಗೆ ಈ ಚಿಂತೆ ಬೇಡ. ಮನೆಯೊಳಗೇ ಕೈ ಬದಲಾಗುವ ಕಾರ್ಡಿಗಂತೂ ಕ್ವಿಕ್ ಫಾರ್ಮ್ಯಾಟೇ ಸಾಕು, ಹೆಂಡತಿಯಿಂದ ಏನು ಮುಚ್ಚಿಡೋದು ಅಲ್ವಾ. ಮನೆಯಿಂದ ಹೊರಗೆ ಹೋಗುವ ಕಾರ್ಡನ್ನು ಮಾತ್ರ ಈಗ ಅಳಿಸದೆ ಕೊಡಲ್ಲ.

ಕೊಡುವಾಗ ಇನ್ನೊಂದು ಮಾತು ಹೇಳಿ ಕೊಡಿ: ಮೊದಲು ಅವರ ಕ್ಯಾಮೆರಾದಲ್ಲೇ ಒಮ್ಮೆ ಫಾರ್ಮ್ಯಾಟ್ ಮಾಡಿಕೊಳ್ಳಲಿ. `dd` ಬಳಸಿ ಸೊನ್ನೆ ತುಂಬಿದ ಕಾರ್ಡಿನಲ್ಲಿ ಫೈಲುಗಳ ಲೆಕ್ಕ ಇಡುವ ಫೈಲ್ ಸಿಸ್ಟಮ್ಮೇ ಇರಲ್ಲ. ವಿಂಡೋಸ್‌ನ ಫಾರ್ಮ್ಯಾಟ್ ಕಿಟಕಿ 64 ಜಿಬಿ ಕಾರ್ಡಿಗೆ ಎಫ್‌ಎಟಿ32 ಅನ್ನೋ ಫೈಲ್ ಸಿಸ್ಟಮ್ಮಿನ ಆಯ್ಕೆ ತೋರಿಸದೆಯೂ ಇರಬಹುದು, ಕೆಲವು ಡ್ಯಾಶ್‌ಕ್ಯಾಮ್‌ಗಳಿಗೆ ಅದೇ ಬೇಕು. ನಮ್ಮ ಆಫೀಸಿನವರದ್ದು ಅಂಥದ್ದೇ. ಕಾರ್ಡ್ ಹಾಕಿದ ತಕ್ಷಣ ಕಾರ್ಡ್ ಎರರ್ ತೋರಿಸಿತಂತೆ. ಡ್ಯಾಶ್‌ಕ್ಯಾಮ್‌ನ ಮೆನುವಿನಲ್ಲೇ ಫಾರ್ಮ್ಯಾಟ್ ಒತ್ತಿದ ಮೇಲೆ ರೆಕಾರ್ಡಿಂಗ್ ಶುರುವಾಯಿತು ಅಂದರು.